ಹ್ಯಾಕಥಾನ್ ಅರ್ಜಿಯಲ್ಲಿ ತಂಡದ ಪರಿಚಯ: ಒಬ್ಬೊಬ್ಬರಿಗೆ ಒಂದೇ ಸಾಲು, ಏನು ಬರೆಯೋದು?

ಮಲ್ನಾಡ್ ಕೋಡರ್

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗ ಕಡೆಯ ಇಂಜಿನಿಯರಿಂಗ್ ಕಾಲೇಜಿನ ಮೂರನೇ ವರ್ಷದವರು, ನಾಲ್ಕು ಜನ. ಬೆಂಗಳೂರಿನಲ್ಲಿ ನಡೆಯುವ ಒಂದು 24 ಗಂಟೆಯ ಹ್ಯಾಕಥಾನ್‌ಗೆ ಅರ್ಜಿ ಹಾಕುತ್ತಿದ್ದೇವೆ. ಅಡಿಕೆ ಸೋಗೆಯ ಫೋಟೊ ತೆಗೆದರೆ ಅದು ಎಲೆಚುಕ್ಕಿ ರೋಗವೋ ಅಲ್ಲವೋ ಅಂತ ಹೇಳುವ ಆಂಡ್ರಾಯ್ಡ್ ಆಪ್ ನಮ್ಮ ಐಡಿಯಾ. ತೋಟದಲ್ಲಿ ನೆಟ್‌ವರ್ಕ್ ಸಿಗಲ್ಲ, ಹಾಗಾಗಿ ಎಲ್ಲ ಲೆಕ್ಕಾಚಾರವೂ ಫೋನಿನೊಳಗೇ ಆಗಬೇಕು.

ಐಡಿಯಾ, ಚಿತ್ರ, ಎಲ್ಲ ಬರೆದಾಗಿದೆ. ಸಿಕ್ಕಿಹಾಕಿಕೊಂಡಿರೋದು ತಂಡದ ಪರಿಚಯದಲ್ಲಿ. ಪ್ರತಿ ಸದಸ್ಯರಿಗೆ ಒಂದೇ ಸಾಲು, 20 ಪದ ಮೀರಬಾರದು, ಈ ಯೋಜನೆಗೆ ಬೇಕಾದ ಯಾವ ಬಲ ಅವರಲ್ಲಿದೆ ಅಂತ ಬರೆಯಿರಿ ಅಂತ ಅರ್ಜಿಯಲ್ಲಿದೆ. ಹೆಸರು ಬೇಡ, ಒಂದರಿಂದ ನಾಲ್ಕು ಅಂತ ಇಟ್ಟುಕೊಳ್ಳೋಣ. ಈಗ ಬರೆದಿರುವುದು ಹೀಗಿದೆ:

ಒಂದು (ನಾನು): ತಂಡದ ನಾಯಕ. ಪೈಥಾನ್, ಜಾವಾ, ಸಿ ಬಲ್ಲವನು, ಶ್ರಮಜೀವಿ.
ಎರಡು: ಮಷೀನ್ ಲರ್ನಿಂಗ್‌ನಲ್ಲಿ ಅಪಾರ ಆಸಕ್ತಿ. 98% ನಿಖರತೆಯ ಮಾಡೆಲ್ ಮಾಡಿದ್ದಾಳೆ.
ಮೂರು: ಉತ್ತಮ ಸಂವಹನ ಕೌಶಲ, ತಂಡದಲ್ಲಿ ಹೊಂದಿಕೊಂಡು ಹೋಗುವ ಗುಣ ಇರುವವನು.
ನಾಲ್ಕು: ಸೃಜನಶೀಲ ಡಿಸೈನರ್. ಪಿಪಿಟಿ ಮತ್ತು ಡಾಕ್ಯುಮೆಂಟೇಶನ್ ಮಾಡುತ್ತಾಳೆ.

ಓದಿದರೆ ಯಾವ ತಂಡಕ್ಕೆ ಬೇಕಾದರೂ ಅಂಟಿಸಬಹುದು ಅನ್ನಿಸುತ್ತೆ. ಹೇಗೆ ಸರಿಮಾಡೋದು?

ಫೈನಲ್ ಇಯರ್ ಅಣ್ಣ

ತಮ್ಮಾ, ಒಂದೇ ಸಾಲು ಅಂದ ಮೇಲೆ ಅದರಲ್ಲಿ ಎಷ್ಟು ಹಿಡಿಸುತ್ತೋ ಅಷ್ಟು ತುಂಬಬೇಕು. ಗೊತ್ತಿರುವ ಭಾಷೆಗಳು, ಸರ್ಟಿಫಿಕೇಟ್, ಸಿಜಿಪಿಎ. ನೂರಾರು ಅರ್ಜಿ ಬರುತ್ತೆ, ಜಡ್ಜ್‌ಗಳು ಬೇಕಾದ ಪದ ಇದೆಯಾ ಅಂತ ಕಣ್ಣಾಡಿಸ್ತಾರೆ ಅಷ್ಟೆ. ಗಿಟ್‌ಹಬ್ ಕೊಂಡಿಯನ್ನು ಖಂಡಿತ ಹಾಕಿ. ಹೇಳಿದ್ದಕ್ಕೆ ಸಾಕ್ಷಿ ಇರಬೇಕು.

ನೇರಳೆಮರ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಾಲೇಜು ಹ್ಯಾಕಥಾನ್‌ಗಳಲ್ಲಿ ಅರ್ಜಿ ಆರಿಸೋಕೂ ಕೂತಿದ್ದೇನೆ. ಸಾಕ್ಷಿ ಬೇಕು ಅನ್ನೋದು ಸರಿ. ಪದ ತುಂಬೋದು ಮಾತ್ರ ಸರಿಯಲ್ಲ. ಪೈಥಾನ್, ಜಾವಾ, ಸಿ ಅಂತ ಓದಿದಾಗ ನನಗೆ ತಿಳಿಯೋದು ಆ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ ಅಂತ ಮಾತ್ರ. ಅದು ಮೊದಲೇ ಗೊತ್ತಿತ್ತಲ್ವಾ.

ಅರ್ಜಿ ಓದುವವರು ಐಡಿಯಾ ಓದಿ ಮುಗಿಸುವ ಹೊತ್ತಿಗೆ ತಲೆಯಲ್ಲಿ ಎರಡು ಮೂರು ಅನುಮಾನ ಎದ್ದಿರುತ್ತವೆ. ತಂಡದ ಪರಿಚಯಕ್ಕೆ ಬರೋದು ಆ ಅನುಮಾನಗಳನ್ನು ಹೊತ್ತುಕೊಂಡೇ. ನಿಮ್ಮದನ್ನು ಓದಿದ ತಕ್ಷಣ ನನಗೆ ಬಂದದ್ದು ಇವು. ಅಡಿಕೆ ಸೋಗೆಯ ಫೋಟೊಗಳು ಎಲ್ಲಿಂದ ಬರುತ್ತವೆ? ಲ್ಯಾಪ್‌ಟಾಪಿನಲ್ಲಿ ಓಡುವ ಮಾಡೆಲ್ ಸಾಧಾರಣ ಫೋನಿನಲ್ಲಿ ನೆಟ್ ಇಲ್ಲದೆ ಓಡುತ್ತಾ? ತೋಟದಲ್ಲಿ ಒದ್ದೆ ಕೈಯಲ್ಲಿ ಫೋನ್ ಹಿಡಿದ ರೈತರಿಗೆ ಪರದೆ ಅರ್ಥ ಆಗುತ್ತಾ? ಒಬ್ಬೊಬ್ಬರ ಸಾಲೂ ಇವುಗಳಲ್ಲಿ ಒಂದಕ್ಕೆ ಉತ್ತರ ಕೊಡಲಿ. ಯೋಜನೆಯ ಯಾವ ಕಷ್ಟದ ಭಾಗ ಇವರ ಹೆಗಲ ಮೇಲಿದೆ, ಅಂಥದ್ದನ್ನು ಹಿಂದೆ ಎಲ್ಲಿ ಮಾಡಿದ್ದಾರೆ, ಇಷ್ಟೇ. ಗುಣವಾಚಕ ಬೇಕಿಲ್ಲ.

ಒಂದು ವಿಷಯ ಕೇಳ್ತೀನಿ. ಮೂರನೇ ಹುಡುಗನನ್ನು ತಂಡಕ್ಕೆ ಯಾಕೆ ತಗೊಂಡ್ರಿ? ಸಂವಹನ ಚೆನ್ನಾಗಿದೆ ಅಂತಂತೂ ಇರಲಿಕ್ಕಿಲ್ಲ.

ಮಲ್ನಾಡ್ ಕೋಡರ್

ಮೇಡಂ, ಅವನ ಮನೆ ಹೊಸನಗರದ ಹತ್ತಿರ. ಅಡಿಕೆ ತೋಟ ಇದೆ. ಎರಡು ಮಳೆಗಾಲದಿಂದ ಎಲೆಚುಕ್ಕಿ ಬಂದು ತೋಟ ಸೊರಗಿದೆ. ಈ ಐಡಿಯಾ ಹೊಳೆದಿದ್ದೇ ಅವನಿಗೆ. ಆದರೆ ಅವನಿಗೆ ಕೋಡಿಂಗ್ ಅಷ್ಟಾಗಿ ಬರಲ್ಲ. ಅದಕ್ಕೇ ಸಂವಹನ ಅಂತ ಬರೆದೆವು.

ನೇರಳೆಮರ

ನಿಮ್ಮ ನಾಲ್ಕು ಸಾಲುಗಳಲ್ಲಿ ಅತಿ ಗಟ್ಟಿಯಾದದ್ದು ಅದೇ. ಅದನ್ನೇ ಬಚ್ಚಿಟ್ಟಿದ್ದೀರಿ.

ಯಾಕೆ ಅಂತ ಹೇಳ್ತೀನಿ. ಎಲೆ ರೋಗ ಗುರುತಿಸುವ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪ್ಲಾಂಟ್‌ವಿಲೇಜ್ ಅನ್ನುವ ಫೋಟೊ ಸಂಗ್ರಹ ಇಳಿಸಿಕೊಳ್ಳುತ್ತಾರೆ. ಅದರಲ್ಲಿ 14 ಬೆಳೆಗಳ 54,000ಕ್ಕೂ ಜಾಸ್ತಿ ಫೋಟೊ ಇವೆ. ಟೊಮೆಟೊ, ಆಲೂಗಡ್ಡೆ, ಸೇಬು, ದ್ರಾಕ್ಷಿ ಎಲ್ಲ ಇವೆ. ಅಡಿಕೆ ಇಲ್ಲ. ಹಾಗಾಗಿ ನಿಮ್ಮ ಅರ್ಜಿ ಓದಿದವರು ಮೊದಲು ಕೇಳೋದೇ ಫೋಟೊ ಎಲ್ಲಿಂದ ತರ್ತೀರಿ ಅಂತ. ಆ ಪ್ರಶ್ನೆಗೆ ಉತ್ತರ ಇರೋದು ನಿಮ್ಮ ತಂಡದಲ್ಲಿ ಮೂರನೆಯವನ ಹತ್ತಿರ ಮಾತ್ರ.

ತೋಟದ ಮನೆ

ಆಪ್ ಎಲ್ಲಿ ಸಿಗುತ್ತೆ? ನಮ್ಮದು ಕಳಸದ ಕಡೆ, ಮೂರು ಎಕರೆ ಅಡಿಕೆ. ಯಾವ ಔಷಧಿ ಹೊಡೀಬೇಕು ಅಂತಲೂ ಅದೇ ಹೇಳುತ್ತಾ?

ಇನ್ನೊಂದು ಮಾತು. ನಲವತ್ತು ಅಡಿ ಮೇಲಿರುವ ಸೋಗೆಯ ಫೋಟೊನ ಹೇಗೆ ತೆಗೀತೀರಿ? ಕೆಳಗೆ ಬಿದ್ದ ಸೋಗೆ ನೋಡಿ ಹೇಳೋದಾದರೆ ಪ್ರಯೋಜನ ಕಮ್ಮಿ. ಸೋಗೆ ಒಣಗಿ ಬೀಳುವ ಹೊತ್ತಿಗೆ ಚುಕ್ಕೆಗಳೆಲ್ಲ ಕೂಡಿಕೊಂಡು ಇಡೀ ಗರಿಯೇ ಕಂದಾಗಿರುತ್ತೆ. ರೋಗ ಶುರುವಾದಾಗ ಮರದ ಕೆಳಗಿನ ಸುತ್ತಿನ ಸೋಗೆಗಳಲ್ಲಿ ಸಣ್ಣ ಚುಕ್ಕೆ, ಸುತ್ತ ಹಳದಿ ಬಳೆ ಇರುತ್ತೆ. ಅದು ಕಣ್ಣಿಗೆ ಬಿದ್ದರೆ ಉಪಯೋಗ. ಪೊಟ್ಯಾಷ್ ಕಮ್ಮಿಯಾದರೂ ಹಳೇ ಸೋಗೆಯಲ್ಲೇ ಹಳದಿ ಚುಕ್ಕೆ ಬರುತ್ತೆ. ನಮಗೇ ಒಂದೊಂದು ಸಲ ಗೊಂದಲ ಆಗುತ್ತೆ.

ಮಲ್ನಾಡ್ ಕೋಡರ್

ಸರ್, ಆಪ್ ಇನ್ನೂ ಆಗಿಲ್ಲ, ಈಗ ಅರ್ಜಿ ಹಾಕುತ್ತಿದ್ದೇವೆ. ಔಷಧಿ ಹೇಳುವ ಯೋಚನೆ ಸದ್ಯಕ್ಕಿಲ್ಲ. ಅನುಮಾನ ಬಂದ ಸೋಗೆಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ ಅಂತ ಹೇಳುವವರೆಗೆ ಮಾತ್ರ.

ನೀವು ಕೇಳಿದ ಫೋಟೊ ಪ್ರಶ್ನೆಯನ್ನು ಮೂರನೆಯವನಿಗೇ ಕೇಳಿದೆ. ಅವನು ಆಗಲೇ ಮಾಡಿ ನೋಡಿದ್ದಾನಂತೆ. ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇದೆಯಲ್ಲ, ಅದರ ತುದಿಗೆ ಬೈಕಿನ ಮೊಬೈಲ್ ಹೋಲ್ಡರ್ ಕಟ್ಟಿದ್ದಾನೆ. ಫೋನಿನಲ್ಲಿ ವಿಡಿಯೊ ಚಾಲೂ ಮಾಡಿ ಮೇಲೇರಿಸುತ್ತಾನೆ. ಒಂದೊಂದು ಸೋಗೆಯ ಮುಂದೆ ಸ್ವಲ್ಪ ನಿಲ್ಲಿಸುತ್ತಾನೆ. ಇಳಿಸಿದ ಮೇಲೆ ವಿಡಿಯೊದಿಂದ ಅಲುಗಾಡದ ಫ್ರೇಮ್‌ಗಳನ್ನು ಆರಿಸಿಕೊಳ್ಳುತ್ತಾನೆ. ಗಾಳಿ ಇದ್ದರೆ ದೋಟಿಯ ತುದಿ ತೂಗುತ್ತೆ, ಎಲ್ಲ ಮಸುಕು. ಬೆಳಗ್ಗೆ ಬೇಗ ಹೋದರೆ ಚೆನ್ನಾಗಿ ಬರುತ್ತೆ ಅಂದ. ಇದನ್ನು ಅವನು ನಮಗೆ ಹೇಳಿಯೇ ಇರಲಿಲ್ಲ!

ನೇರಳೆಮರ

ನೋಡಿ, ಸಾಲು ಸಿಕ್ಕಿತು. ದೋಟಿ ಅನ್ನುವ ಒಂದು ಪದ ಬಂದರೆ ಸಾಕು, ಈ ತಂಡ ನಿಜವಾಗಿ ತೋಟಕ್ಕೆ ಇಳಿದಿದೆ ಅಂತ ಓದುವವರಿಗೆ ಗೊತ್ತಾಗುತ್ತೆ. ಆದರೆ ರೋಗ ಗುರುತಿಸಬಲ್ಲ ತಜ್ಞ ಅಂತ ಅವನನ್ನು ಬರೆಯಬೇಡಿ. ಈಗಷ್ಟೇ ತೋಟದ ಮನೆಯವರೇ ಹೇಳಿದರು, ಬೆಳೆಗಾರರಿಗೇ ಗೊಂದಲ ಆಗುತ್ತೆ ಅಂತ. ಯಾವ ಫೋಟೊ ರೋಗದ್ದು, ಯಾವುದು ಪೊಟ್ಯಾಷ್ ಕೊರತೆ ಅಂತ ಚೀಟಿ ಅಂಟಿಸುವಾಗ ಸಸ್ಯರೋಗ ಓದಿದ ಒಬ್ಬರು ನೋಡಿಕೊಡಬೇಕು. ಅದನ್ನು ಪರಿಚಯದಲ್ಲಿ ಬೇಡ, ಯೋಜನೆಯ ಭಾಗದಲ್ಲಿ ಬರೆಯಿರಿ.

ಬೆಳಗಾವಿ ಬೋರ್ಡ್

ನಡುವೆ ನಂದೊಂದು ಪ್ರಶ್ನೆರೀ. ನಾವು ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ಹಾಕ್ತಿದ್ದೇವೆ, ಹಾರ್ಡ್‌ವೇರ್ ವಿಭಾಗ. ಆರು ಜನ. ಅದರಲ್ಲಿ ಮೂವರಿಗೆ ಬರೋದು ವೆಬ್ ಡೆವಲಪ್‌ಮೆಂಟ್ ಒಂದೇ. ಮೂವರಿಗೂ ಅದನ್ನೇ ಬರೆದರೆ ಹೆಂಗ್ ಕಾಣಸ್ತದ? ಬೋರ್ಡ್ ಬೆಸುಗೆ ಹಾಕೋನು ನಾನೊಬ್ಬನೇ.

ಫೈನಲ್ ಇಯರ್ ಅಣ್ಣ

ಅಲ್ಲೂ ಒಂದು ಇಡೀ ಸ್ಲೈಡ್ ತಂಡಕ್ಕೇ ಇಡಿ. ಫೋಟೊ, ಹೆಸರು, ಕೌಶಲ ಎಲ್ಲ ಹಾಕಿ ಚೆನ್ನಾಗಿ ಮಾಡಿ.

ನೇರಳೆಮರ

ಅಲ್ಲಿ ಹಾಗೆ ಮಾಡೋಕೆ ಹೋಗಬೇಡಿ. 2024ರಲ್ಲಿ ಅವರು ಕೊಟ್ಟ ಮಾದರಿಯಲ್ಲಿ ಶೀರ್ಷಿಕೆಯ ಸ್ಲೈಡ್ ಸೇರಿ ಆರೇ ಸ್ಲೈಡ್. ಒಂದನ್ನು ತಂಡದ ಫೋಟೊಗಳಿಗೆ ಕೊಟ್ಟರೆ ತಾಂತ್ರಿಕ ಭಾಗಕ್ಕೆ ಜಾಗ ಕಮ್ಮಿಯಾಗುತ್ತೆ. ಈ ವರ್ಷದ ಮಾದರಿ ಇಳಿಸಿಕೊಂಡು ಅದರಲ್ಲಿ ಏನಿದೆಯೋ ಅದನ್ನೇ ಪಾಲಿಸಿ. ತಂಡದ ಸಾಲುಗಳು ಅಲ್ಲಿ ಉಪಯೋಗಕ್ಕೆ ಬರೋದು ಕಾಲೇಜಿನ ಒಳಗಿನ ಆಯ್ಕೆ ಸುತ್ತಿನಲ್ಲಿ, ಎದುರಿಗೆ ನಿಂತು ಮಾತಾಡುವಾಗ.

ಮೂವರು ವೆಬ್‌ನವರ ವಿಷಯ. ಕೌಶಲದ ಹೆಸರು ಬಿಟ್ಟು ಅವರು ಹೊರುವ ಕೆಲಸದ ಹೆಸರು ಬರೆಯಿರಿ. ಸೆನ್ಸರ್‌ನಿಂದ ಬಂದ ಅಂಕಿಯನ್ನು ಪಡೆದು ಜೋಪಾನ ಮಾಡುವವರು ಒಬ್ಬರು, ಅದನ್ನು ಪರದೆಯಲ್ಲಿ ತೋರಿಸುವವರು ಒಬ್ಬರು. ಮೂರನೆಯವರಿಗೆ ಕೆಲಸವೇ ಸಿಗದಿದ್ದರೆ ಅದು ಸಾಲಿನ ಸಮಸ್ಯೆ ಅಲ್ಲ, ತಂಡದ್ದು. ಬೆಸುಗೆಗೆ ನೀವೊಬ್ಬರೇ ಅನ್ನೋದು ನನಗೆ ಅದಕ್ಕಿಂತ ದೊಡ್ಡ ಚಿಂತೆ. ಹಾರ್ಡ್‌ವೇರ್ ವಿಭಾಗದ ಫೈನಲ್ ಐದು ದಿನ ನಡೆಯುತ್ತೆ. ನಿಮಗೆ ಒಂದು ದಿನ ಜ್ವರ ಬಂದರೆ?

ಬೆಳಗಾವಿ ಬೋರ್ಡ್

ಅದು ಖರೇ. ಒಬ್ಬನಿಗೆ ಬೆಸುಗೆ ಕಲಿಸೋಕೆ ಈ ವಾರವೇ ಶುರು ಮಾಡ್ತೀನಿ. ಆದರೆ ಹೋದ ವಾರ ಕಲಿತವನಿಗೆ ಅದೇ ಬಲ ಅಂತ ಬರೀಬಹುದಾ?

ಕರಾವಳಿ ಅಕ್ಕ

ಮೊದಲ ಪೋಸ್ಟ್‌ನ ನಾಲ್ಕನೇ ಸಾಲಿನ ಬಗ್ಗೆ ಯಾರೂ ಮಾತೇ ಆಡಿಲ್ಲ. ನಾನು ಆಡ್ತೀನಿ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಆರು ಜನರಲ್ಲಿ ಕನಿಷ್ಠ ಒಬ್ಬ ಹುಡುಗಿ ಇರಬೇಕು ಅಂತ ನಿಯಮ ಇದೆ. ಒಳ್ಳೆಯ ನಿಯಮ. ಆದರೆ ನನ್ನ ಕಾಲೇಜಿನಲ್ಲಿ ಆಗುತ್ತಿದ್ದದ್ದು ಏನು? ಕೊನೇ ದಿನ ಒಬ್ಬ ಹುಡುಗಿಯ ಹೆಸರು ಸೇರಿಸಿ, ಅವಳ ಮುಂದೆ ಪಿಪಿಟಿ, ಡಾಕ್ಯುಮೆಂಟೇಶನ್ ಅಂತ ಬರೆಯೋದು. ಅವಳಿಗೆ ಏನು ಬರುತ್ತೆ ಅಂತ ಕೇಳುವ ವ್ಯವಧಾನವೂ ಯಾರಿಗೂ ಇರುತ್ತಿರಲಿಲ್ಲ. ನನಗೆ ಡೇಟಾಬೇಸ್ ಚೆನ್ನಾಗಿ ಬರುತ್ತಿತ್ತು. ನನ್ನ ಹೆಸರಿನ ಮುಂದೆ ಇದ್ದದ್ದು ಮಾತ್ರ ಉತ್ತಮ ಪ್ರಸ್ತುತಿ ಅಂತ. ಇವತ್ತಿಗೂ ಅದು ನೋವಿನ ವಿಷಯವೇ.

ಮಲ್ನಾಡ್ ಕೋಡರ್, ನಾಲ್ಕನೆಯವಳನ್ನು ಕೂರಿಸಿಕೊಂಡು ಕೇಳಿ. ಅವಳ ಸಾಲನ್ನು ಅವಳೇ ಬರೆಯಲಿ.

ಮಲ್ನಾಡ್ ಕೋಡರ್

ಅಕ್ಕ, ಇವತ್ತು ನಾಲ್ವರೂ ಕ್ಯಾಂಟೀನ್‌ನಲ್ಲಿ ಕೂತಿದ್ದೆವು. ಅವಳ ಅಮ್ಮ ಊರಿನ ಸ್ವಸಹಾಯ ಸಂಘದಲ್ಲಿದ್ದಾರೆ. ವಾರದ ಉಳಿತಾಯ, ಸಾಲದ ಕಂತು ಬರೆದಿಡೋಕೆ ಅವಳೇ ಒಂದು ಆಪ್ ಮಾಡಿಕೊಟ್ಟಿದ್ದಾಳೆ. ಪೂರ್ತಿ ಕನ್ನಡದಲ್ಲಿ. ಓದೋಕೆ ಕಷ್ಟಪಡುವ ಇಬ್ಬರಿಗಾಗಿ ಒಂದೊಂದು ಗುಂಡಿಗೂ ಧ್ವನಿ ಸೇರಿಸಿದ್ದಾಳೆ. ಮೊದಲು ಗುಂಡಿಗಳು ಸಣ್ಣದಾಗಿದ್ದವಂತೆ. ಹೆಂಗಸರು ಕಂತು ಒತ್ತಲು ಹೋಗಿ ಉಳಿತಾಯ ಒತ್ತುತ್ತಿದ್ದರಂತೆ. ಆಮೇಲೆ ಪರದೆಗೆ ಎರಡೇ ಗುಂಡಿ ಇಟ್ಟಳಂತೆ. ಈಗಲೂ ಸಂಘದವರು ಅದನ್ನೇ ಬಳಸುತ್ತಾರೆ.

ಕರಾವಳಿ ಅಕ್ಕ

ಇಷ್ಟೆಲ್ಲ ಇರುವಾಗ ಸೃಜನಶೀಲ ಅಂತ ಯಾಕೆ ಬರೀಬೇಕು? ಇನ್ನೊಬ್ಬರು ದಿನಾ ಬಳಸುವ ವಸ್ತು ಮಾಡಿರುವವಳು ಅವಳು. ಅದನ್ನೇ ಬರೆಯಿರಿ.

ಫೈನಲ್ ಇಯರ್ ಅಣ್ಣ

ಒಪ್ಪುತ್ತೇನೆ. ಆದರೆ ಯಾರು ಎಷ್ಟು ಮಾಡಿದ್ದಾರೆ ಅಂತ ಪಕ್ಕಾ ಗೊತ್ತಾಗೋದು ಕಮಿಟ್‌ಗಳಿಂದಲೇ. ಜಡ್ಜ್ ರೆಪೊ ಇಳಿಸಿಕೊಂಡು ಇದೊಂದು ಕಮಾಂಡ್ ಕೊಟ್ಟರೆ ಸಾಕು:

```
git shortlog -sn
```

ಯಾರ ಹೆಸರಿನಲ್ಲಿ ಎಷ್ಟು ಕಮಿಟ್ ಅಂತ ಸಾಲಾಗಿ ಬಂದುಬಿಡುತ್ತೆ.

ನೇರಳೆಮರ

ಕಮಾಂಡ್ ಸರಿ. ಅದರಿಂದ ತೆಗೆದ ತೀರ್ಮಾನ ಅರ್ಧ ಸರಿ. ವಿದ್ಯಾರ್ಥಿಗಳು ಎಷ್ಟೋ ಸಲ ಇಬ್ಬರು ಒಂದೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಕಮಿಟ್ ಎಲ್ಲ ಲ್ಯಾಪ್‌ಟಾಪ್ ಇರುವವನ ಹೆಸರಿಗೆ ಹೋಗುತ್ತೆ. ಪಕ್ಕದಲ್ಲಿ ಕೂತು ಯೋಚಿಸಿದವಳ ಹೆಸರು ಎಲ್ಲೂ ಇರಲ್ಲ. ಹಾಗೆ ಕೂತಾಗ ಕಮಿಟ್ ಸಂದೇಶದ ಕೊನೆಗೆ ಒಂದು ಖಾಲಿ ಸಾಲು ಬಿಟ್ಟು ಇದನ್ನು ಸೇರಿಸಿ, ಗಿಟ್‌ಹಬ್ ಇಬ್ಬರನ್ನೂ ತೋರಿಸುತ್ತೆ:

```
Co-authored-by: name <name@example.com>
```

ಇಮೇಲ್ ಅವರ ಗಿಟ್‌ಹಬ್ ಖಾತೆಯದೇ ಆಗಿರಬೇಕು. ಮತ್ತೆ, ಫೋಟೊ ತೆಗೆಯೋದು, ತೋಟ ಸುತ್ತೋದು ಯಾವ ಕಮಿಟ್‌ನಲ್ಲೂ ಕಾಣಲ್ಲ. ಮೂರನೆಯವನಿಗೆ ಆ ಲೆಕ್ಕದಲ್ಲಿ ಸೊನ್ನೆ ಬರುತ್ತೆ. ಹಾಗಂತ ಅವನದು ಸೊನ್ನೆ ಕೆಲಸವೇ?

ಈಗ ಎರಡನೇ ಸಾಲು. 98% ಅಂತಿದೆಯಲ್ಲ, ಅದು ಯಾವ ಫೋಟೊಗಳ ಮೇಲೆ?

ಮಲ್ನಾಡ್ ಕೋಡರ್

ಎರಡನೆಯವಳನ್ನೇ ಕೇಳಿದೆ ಮೇಡಂ. ಟೊಮೆಟೊ ಎಲೆ, ಪ್ಲಾಂಟ್‌ವಿಲೇಜ್ ಫೋಟೊಗಳೇ. ಆಮೇಲೆ ಹಾಸ್ಟೆಲ್ ಹಿಂದಿನ ಗಿಡಗಳ ಫೋಟೊ ತೆಗೆದು ಕೊಟ್ಟಾಗ ತುಂಬಾ ತಪ್ಪು ಹೇಳಿತಂತೆ. ಆಗ ಊರಿನ ತೋಟಗಳಿಂದ ಫೋಟೊ ತರಿಸಿ, ಅವನ್ನೂ ಸೇರಿಸಿ ಮತ್ತೆ ಟ್ರೇನ್ ಮಾಡಿದ್ದಾಳೆ. ಆಗ ಸುಧಾರಿಸಿತು. ಆದರೂ 98ರ ಹತ್ತಿರಕ್ಕೂ ಬರಲಿಲ್ಲ.

ನೇರಳೆಮರ

ಅಂದುಕೊಂಡಿದ್ದೆ. ಆ ಸಂಗ್ರಹದ ಫೋಟೊಗಳಲ್ಲಿ ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ತೆಗೆದಿರುತ್ತಾರೆ. ಅದರ ಮೇಲೆ 2016ರಲ್ಲಿ ಪ್ರಕಟವಾದ ಹೆಸರುವಾಸಿ ಅಧ್ಯಯನದಲ್ಲೇ ಹೀಗಾಗಿದೆ. ಸಂಗ್ರಹದೊಳಗಿನ ಫೋಟೊಗಳಲ್ಲಿ 99.35% ಸರಿ ಬಂದ ಮಾಡೆಲ್, ಬೇರೆ ಕಡೆಯ ಫೋಟೊ ಕೊಟ್ಟಾಗ 31%ರ ಆಸುಪಾಸಿಗೆ ಇಳಿಯಿತು. ಇದು ಗೊತ್ತಿರುವವರು 98 ಅಂತ ಕಂಡ ಕೂಡಲೇ ಹುಬ್ಬು ಗಂಟಿಕ್ಕುತ್ತಾರೆ. ನಿಮ್ಮ ಹುಡುಗಿ ಹೊರಗಿನ ಫೋಟೊದಲ್ಲಿ ಮಾಡೆಲ್ ಬೀಳೋದನ್ನು ಕಂಡಿದ್ದಾಳೆ, ಅದನ್ನು ಎತ್ತೋಕೆ ಕೆಲಸ ಮಾಡಿದ್ದಾಳೆ. ಅಡಿಕೆಗೆ ಬೇಕಾದ ಅನುಭವ ಅದೇ. 98 ತೆಗೆದುಹಾಕಿ, ಅದನ್ನು ಬರೆಯಿರಿ.

ಫೈನಲ್ ಇಯರ್ ಅಣ್ಣ

ಇಲ್ಲಿ ಮಾತ್ರ ನನ್ನ ಒಪ್ಪಿಗೆ ಇಲ್ಲ. ಬಲ ಬರೀರಿ ಅಂದ ಜಾಗದಲ್ಲಿ ಮಾಡೆಲ್ ಸೋತಿದ್ದನ್ನು ಯಾಕೆ ಬರೀಬೇಕು? ಎಲ್ಲ ಜಡ್ಜ್‌ಗಳೂ ಮೇಡಂ ಥರ ಇರಲ್ಲ. ಪಕ್ಕದ ತಂಡ 99 ಅಂತ ಬರೆದಿರುತ್ತೆ. ಮ್ಯಾನೇಜ್‌ಮೆಂಟ್ ಕಡೆಯಿಂದ ಬಂದ ಜಡ್ಜ್ ಆ ಅಂಕಿಯನ್ನೇ ನೋಡ್ತಾರೆ.

ನೇರಳೆಮರ

ಆ ಥರದವರೂ ಇರುತ್ತಾರೆ, ನಿಜ. ಆದರೆ ಅರ್ಜಿ ಗೆದ್ದ ಮೇಲೆ ಮುಂದಿನ ಸುತ್ತಿನಲ್ಲಿ ಯಾರಾದರೂ ಒಬ್ಬರು ಅಂಗಳದಿಂದ ಒಂದು ಎಲೆ ಕಿತ್ತು ತಂದು ಕೊಟ್ಟರೆ 98 ಅಲ್ಲೇ ಬಿದ್ದುಹೋಗುತ್ತೆ. ನನ್ನ ಆಯ್ಕೆ ಇದು. ಎರಡನೆಯವಳೇ ತೀರ್ಮಾನಿಸಲಿ.

ಇನ್ನು ಒಂದನೇ ಸಾಲು, ನಿಮ್ಮದು. ನಾಯಕ ಅನ್ನೋದು ಅರ್ಜಿಯ ಬೇರೆ ಕಾಲಂನಲ್ಲಿ ಇದ್ದೇ ಇರುತ್ತೆ. ಮಾಡೆಲ್ ಅನ್ನು ಫೋನಿನೊಳಗೆ ಕೂರಿಸೋದು ಯಾರು?

ಮಲ್ನಾಡ್ ಕೋಡರ್

ನಾನೇ ಮೇಡಂ. ಮಿನಿ ಪ್ರಾಜೆಕ್ಟ್‌ನಲ್ಲಿ ಟಿಎಫ್‌ಲೈಟ್ ಮಾಡೆಲ್ ಅನ್ನು ಆಂಡ್ರಾಯ್ಡ್ ಆಪ್‌ನಲ್ಲಿ ಓಡಿಸಿದ್ದೆ. ಅದು ಚಿಕ್ಕ ಕೆಲಸ ಅಂತ ಬರೆಯಲಿಲ್ಲ.

ನೇರಳೆಮರ

ಚಿಕ್ಕದಲ್ಲ. 24 ಗಂಟೆಯ ಹ್ಯಾಕಥಾನ್‌ನಲ್ಲಿ ಇಂಥ ತಂಡಗಳು ಸಿಕ್ಕಿಬೀಳೋದೇ ಅಲ್ಲಿ. ಟ್ರೇನ್ ಮಾಡುವಾಗ ಫೋಟೊದ ಬಣ್ಣದ ಅಂಕಿಗಳನ್ನು 0ರಿಂದ 1ರೊಳಗೆ ತಂದಿರುತ್ತಾರೆ. ಆಪ್ ಬರೆಯುವವರಿಗೆ ಅದು ಗೊತ್ತಿರಲ್ಲ, 0ರಿಂದ 255ರ ಅಂಕಿಗಳನ್ನೇ ಕೊಡ್ತಾರೆ. ಆಪ್ ನಿಲ್ಲಲ್ಲ, ದೋಷದ ಸಂದೇಶವೂ ಬರಲ್ಲ. ಯಾವ ಎಲೆ ತೋರಿಸಿದರೂ ಒಂದೇ ಉತ್ತರ ಬರ್ತಾ ಇರುತ್ತೆ. ರಾತ್ರಿ ಎರಡು ಗಂಟೆಗೆ ಮಾಡೆಲ್ಲೇ ಕೆಟ್ಟಿದೆ ಅಂತ ಮತ್ತೆ ಟ್ರೇನ್ ಮಾಡೋಕೆ ಕೂರ್ತಾರೆ. ಒಂದು ಸಲ ಈ ದಾರಿಯಲ್ಲಿ ಹೋಗಿ ಬಂದವನು ತಂಡದಲ್ಲಿದ್ದಾನೆ ಅಂದರೆ ಓದುವವರಿಗೆ ಧೈರ್ಯ.

ಒಂದು ಎಚ್ಚರಿಕೆ. ಮೊದಲೇ ಬರೆದ ಕೋಡ್ ತರಬಾರದು ಅನ್ನುವ ನಿಯಮ ಎಷ್ಟೋ ಹ್ಯಾಕಥಾನ್‌ಗಳಲ್ಲಿ ಇರುತ್ತೆ. ಹಳೇ ಕೆಲಸವನ್ನು ಅನುಭವ ಅಂತ ಬರೆಯಿರಿ. ಅದೇ ಕೋಡ್ ಇಲ್ಲೂ ಹಾಕ್ತೀವಿ ಅನ್ನುವ ಅರ್ಥ ಬಾರದ ಹಾಗೆ ನೋಡಿಕೊಳ್ಳಿ. ಮೊದಲೇ ತೆಗೆದ ಫೋಟೊ ತರಬಹುದಾ ಅಂತ ಸಂಘಟಕರಿಗೆ ಮೇಲ್ ಮಾಡಿ ಕೇಳಿಬಿಡಿ.

ಮಲ್ನಾಡ್ ಕೋಡರ್

ಎಲ್ಲರ ಮಾತು ಸೇರಿಸಿ, ಅವರವರೇ ಕೂತು ಬರೆದದ್ದು ಇದು. ಮೂರನೆಯವನನ್ನು ಮೊದಲು ಹಾಕಿದ್ದೇವೆ.

ಮೂರು: ಮನೆ ತೋಟದಲ್ಲಿ ಎರಡು ಮಳೆಗಾಲದಿಂದ ಎಲೆಚುಕ್ಕಿ ರೋಗ ನೋಡಿದ್ದಾನೆ, ದೋಟಿಗೆ ಫೋನ್ ಕಟ್ಟಿ ಮರದ ಮೇಲಿನ ಸೋಗೆಯ ಫೋಟೊ ತೆಗೆಯುತ್ತಾನೆ.

ಎರಡು: ಹೊರಗಿನ ಗಿಡಗಳ ಫೋಟೊದಲ್ಲಿ ಸೋತ ಟೊಮೆಟೊ ರೋಗದ ಮಾಡೆಲ್‌ಗೆ ತೋಟದ ಫೋಟೊಗಳನ್ನು ಸೇರಿಸಿ, ಮತ್ತೆ ಟ್ರೇನ್ ಮಾಡಿ ಸುಧಾರಿಸಿದ್ದಾಳೆ, ಇಲ್ಲಿ ಮಾಡೆಲ್ ಅವಳದು.

ಒಂದು: ಮಿನಿ ಪ್ರಾಜೆಕ್ಟ್‌ನಲ್ಲಿ ಟಿಎಫ್‌ಲೈಟ್ ಮಾಡೆಲ್ ಅನ್ನು ಆಂಡ್ರಾಯ್ಡ್ ಆಪ್‌ನೊಳಗೆ ನೆಟ್ ಇಲ್ಲದೆ ಓಡಿಸಿದ್ದಾನೆ, ಇಲ್ಲೂ ಆ ಹೊಣೆ ಅವನದು.

ನಾಲ್ಕು: ತಾಯಿಯ ಸ್ವಸಹಾಯ ಸಂಘ ಈಗಲೂ ಬಳಸುವ ಕನ್ನಡದ ಲೆಕ್ಕದ ಆಪ್ ಮಾಡಿದ್ದಾಳೆ, ಇಲ್ಲಿ ರೈತರು ನೋಡುವ ಪರದೆಗಳು, ಧ್ವನಿ ಅವಳದು.

ಎರಡನೆಯವಳು ಸೋತ ಅನ್ನುವ ಪದ ಇರಲಿ ಅಂದಳು. ನಾಲ್ಕನೆಯವಳು ಈ ಪೋಸ್ಟ್ ಓದಿ, ಕರಾವಳಿ ಅಕ್ಕನಿಗೆ ಥ್ಯಾಂಕ್ಸ್ ಹೇಳು ಅಂದಿದ್ದಾಳೆ.

ಕರಾವಳಿ ಅಕ್ಕ

ಓದಿ ತುಂಬಾ ಖುಷಿಯಾಯಿತು. ಪಿಪಿಟಿ ಯಾರು ಮಾಡ್ತಾರೆ ಈಗ?

ಮಲ್ನಾಡ್ ಕೋಡರ್

ನಾಲ್ವರೂ ತಮ್ಮ ತಮ್ಮ ಭಾಗದ ಸ್ಲೈಡ್ ಮಾಡೋದು ಅಂತ ಮಾತಾಗಿದೆ ಅಕ್ಕ.

ಫೈನಲ್ ಇಯರ್ ಅಣ್ಣ

ಚೆನ್ನಾಗಿದೆ. ಎರಡನೇ ಸಾಲಿನ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಅದೇ. ಕನಿಷ್ಠ ಸುಧಾರಿಸಿದ ಮೇಲೆ ಬಂದ ಅಂಕಿಯನ್ನಾದರೂ ಹಾಕಬಹುದಿತ್ತು.

ತೋಟದ ಮನೆ

ದೋಟಿಗೆ ಫೋನ್ ಕಟ್ಟುವ ಹುಡುಗನಿಗೆ ಹೇಳಿ, ಹೋಲ್ಡರ್ ಜೊತೆಗೆ ಒಂದು ದಾರವನ್ನೂ ಫೋನಿನ ಕವರ್‌ಗೆ ಕಟ್ಟಲಿ. ಮಳೆಗಾಲದಲ್ಲಿ ಹೋಲ್ಡರಿನ ರಬ್ಬರ್ ಜಾರುತ್ತೆ. ನಮ್ಮ ತೋಟದ ಫೋಟೊ ಬೇಕಿದ್ದರೂ ಬನ್ನಿ. ಕೆಳಗಿನ ತುಂಡಿನಲ್ಲಿ ರೋಗ ಈಗಷ್ಟೇ ಶುರುವಾಗಿದೆ, ಚುಕ್ಕೆ ಇನ್ನೂ ಸಣ್ಣದಿವೆ.

ಬೆಳಗಾವಿ ಬೋರ್ಡ್

ನನ್ನ ಪ್ರಶ್ನೆ ಹಂಗೇ ಉಳೀತು ನೋಡ್ರಿ. ಹೊಸದಾಗಿ ಬೆಸುಗೆ ಕಲಿತವನಿಗೆ ಏನು ಬರೀಲಿ?

ನೇರಳೆಮರ

ಅವನು ನಿಮ್ಮ ಬೋರ್ಡ್‌ನ ಒಂದು ಪ್ರತಿಯನ್ನು ತಾನೇ ಬೆಸುಗೆ ಹಾಕಿ ಓಡಿಸಲಿ. ಓಡಿದರೆ ಅಷ್ಟನ್ನೇ ಬರೆಯಿರಿ. ಅರ್ಜಿಯ ಕೊನೇ ದಿನ ಯಾವಾಗ?

ಬೆಳಗಾವಿ ಬೋರ್ಡ್

ಮುಂದಿನ ಶುಕ್ರವಾರ. ಎರಡನೇ ಬೋರ್ಡಿಗೆ ಸಾಮಾನು ತರಿಸಬೇಕು, ನಾಳೆ ಪೇಟೆಗೆ ಹೋಗ್ತೀನಿ.